ಪೆಂಡಾಲು ಪದ್ಯ: ಕಾಫಿ ಸೀಮೆಯ ಗಣಪತಿ ಬ್ಯಾನರ್‌ಗಳಲ್ಲಿ

ಚೌತಿ ಹಬ್ಬದಲ್ಲಿ ಬೀದಿಗೊಂದು ಗಣಪತಿ ಕೂರಿಸುವವರು ಪೆಂಡಾಲಿನ ಬಾಗಿಲಿಗೋ ರಸ್ತೆಗೆ ಅಡ್ಡವಾಗಿಯೋ ಕಟ್ಟುವ ಬ್ಯಾನರಿನ ಮೇಲೆ ದೊಡ್ಡ ಅಕ್ಷರಗಳಲ್ಲಿ ಬರೆಸುವ ಎರಡು ಸಾಲಿನ, ಕೆಲವೊಮ್ಮೆ ನಾಲ್ಕು ಸಾಲಿನ ಪ್ರಾಸಬದ್ಧ ಸ್ವಾಗತವನ್ನು ಇಲ್ಲಿ ಪೆಂಡಾಲು ಪದ್ಯ ಎಂದು ಕರೆದಿದೆ. ಚಿಕ್ಕಮಗಳೂರಿನ ಬಡಾವಣೆಗಳಿಂದ ಮೂಡಿಗೆರೆ, ಬಣಕಲ್, ಕೊಟ್ಟಿಗೆಹಾರದ ಪೇಟೆಬೀದಿಗಳವರೆಗೆ, ಭದ್ರಾ ದಡದ ಕಳಸದವರೆಗೆ ಗಣೇಶೋತ್ಸವ ಸಮಿತಿ, ಗೆಳೆಯರ ಬಳಗ, ಯುವಕ ಸಂಘಗಳು ಹಬ್ಬ ನಡೆಸುವ ಕಡೆಗಳಲ್ಲೆಲ್ಲ ಇಂಥ ಬ್ಯಾನರು ಕಾಣುತ್ತದೆ. ಬರೆಯುವವರು ಸಾಮಾನ್ಯವಾಗಿ ಕವಿಗಳೆಂದು ಹೆಸರಾದವರಲ್ಲ. ಶಾಲೆಯ ಮೇಷ್ಟ್ರು, ತೋಟದ ರೈಟ್ರು, ಬೋರ್ಡ್ ಬರೆಯುವವರು, ಫ್ಲೆಕ್ಸ್ ಅಂಗಡಿಯಲ್ಲಿ ಕಂಪ್ಯೂಟರ್ ಮುಂದೆ ಕೂತ ಹುಡುಗರು, ಹೀಗೆ ಯಾರ ಕೈಗೆ ಸಿಕ್ಕಿತೋ ಅವರದು. ಪದ್ಯದ ಕೆಳಗೆ ಬರೆದವರ ಹೆಸರೂ ಇರುವುದಿಲ್ಲ. ಆ ಜಾಗ ಸಮಿತಿಗೆ ಬೇಕು.

ಗಣಪತಿಯನ್ನು ಮನೆಯಿಂದ ಬೀದಿಗೆ ತಂದ ಸಾರ್ವಜನಿಕ ಉತ್ಸವಕ್ಕೆ ಬಾಲಗಂಗಾಧರ ತಿಲಕರು 1893ರಲ್ಲಿ ಪುಣೆಯಲ್ಲಿ ಕೊಟ್ಟ ರೂಪ ಎಲ್ಲರಿಗೂ ಗೊತ್ತಿರುವುದೇ. ಮನೆಯ ಗಣಪತಿಯನ್ನು ಬರಮಾಡಿಕೊಳ್ಳಲು ಮಂತ್ರ, ಆರತಿ ಹಾಡು ಸಾಕು. ಬೀದಿಗೆ ಬಂದ ಮೇಲೆ ಓಡಾಡುವ ಜನರಿಗೂ ಕಾಣುವ ಮಾತು ಬೇಕಾಯಿತು. ಕನ್ನಡದಲ್ಲಿ ಆ ಮಾತು ಬಹುಬೇಗ ಪ್ರಾಸಕ್ಕೆ ಒಲಿದದ್ದರಲ್ಲಿ ಆಶ್ಚರ್ಯವೇನೂ ಇಲ್ಲ. ಹತ್ತನೆಯ ಶತಮಾನದ ನಾಗವರ್ಮನ ‘ಛಂದೋಂಬುಧಿ’ಯಿಂದ ಹಿಡಿದು ಕನ್ನಡ ಛಂದಸ್ಸಿನ ಗ್ರಂಥಗಳು ಪ್ರಾಸಕ್ಕೆ ಕೊಟ್ಟ ಸ್ಥಾನ ದೊಡ್ಡದು. ಹಳೆಯ ಕಾವ್ಯದ ಪ್ರಾಸ ಸಾಲಿನ ಎರಡನೆಯ ಅಕ್ಷರದಲ್ಲಿ ಕೂರುತ್ತಿತ್ತು. ಮಂಜೇಶ್ವರದ ಗೋವಿಂದ ಪೈಗಳು 1911ರಲ್ಲಿ ಆ ಆದಿಪ್ರಾಸವನ್ನು ಬಿಟ್ಟ ಮೇಲೆ ಕವಿಗಳು ಅದರ ಹಂಗಿನಿಂದ ಹೊರಬಂದರು. ಸಾಲಿನ ಕೊನೆಯ ಅಂತ್ಯಪ್ರಾಸ ಮಾತ್ರ ಜನರ ಬಾಯಲ್ಲಿ ಉಳಿಯಿತು. ಅಂಕೋಲೆಯ ದಿನಕರ ದೇಸಾಯಿಯವರ (1909–1982) ಚೌಪದಿಗಳು ನಾಲ್ಕೇ ಸಾಲಿನಲ್ಲಿ ಮಾತು ಮುಗಿಸುವ ರುಚಿಯನ್ನು ಪತ್ರಿಕೆ ಓದುವವರಿಗೆಲ್ಲ ಹತ್ತಿಸಿದವು. ಬ್ಯಾನರಿನ ಪದ್ಯ ಈ ಚುಟುಕಿನ ಬಡ ನೆಂಟ. ಆದರೆ ಅದರ ಅಳತೆಯನ್ನು ಗೊತ್ತುಮಾಡುವುದು ಬಟ್ಟೆ.

ಹತ್ತಡಿ ಉದ್ದ, ಮೂರಡಿ ಎತ್ತರದ ಬ್ಯಾನರನ್ನು ತೆಗೆದುಕೊಳ್ಳೋಣ. ಎತ್ತರ 36 ಅಂಗುಲ. ಸಮಿತಿಯ ಹೆಸರು, ಎಷ್ಟನೆಯ ವರ್ಷ ಎಂಬುದಕ್ಕೆ ಕೆಳಗೆ 8 ಅಂಗುಲದ ಪಟ್ಟಿ, ಮೇಲೆ ಕೆಳಗೆ ಅಂಚಿಗೆ 4 ಅಂಗುಲ ಬಿಟ್ಟರೆ ಪದ್ಯಕ್ಕೆ ಉಳಿಯುವುದು 24. ಎರಡು ಸಾಲಾದರೆ ಸಾಲಿಗೆ 12 ಅಂಗುಲ. ಕನ್ನಡ ಅಕ್ಷರದ ಮೈ ಇದನ್ನು ಪೂರ್ತಿ ತುಂಬುವಂತಿಲ್ಲ. ಮೇಲೆ ಗುಡಿಸು, ಏತ್ವಗಳಿಗೆ, ಕೆಳಗೆ ಒತ್ತಕ್ಷರಕ್ಕೆ ಜಾಗ ಬಿಡಲೇಬೇಕು. ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗಿದರೆ ಎರಡೂ ಓದಲು ಬಾರವು. ಹಾಗಾಗಿ ಅಕ್ಷರದ ಮೈ ಆರಂಗುಲ ಎನ್ನಿ. ಒಂದಂಗುಲದ ಅಕ್ಷರ ಹತ್ತಡಿ ದೂರದಿಂದ ಸಲೀಸಾಗಿ ಓದಲು ಸಿಗುತ್ತದೆ ಎನ್ನುವುದು ಬೋರ್ಡ್ ಬರೆಯುವವರ ಲೆಕ್ಕ. ಆರಂಗುಲಕ್ಕೆ ಅರುವತ್ತಡಿ. ಗಂಟೆಗೆ 30 ಕಿಲೋಮೀಟರ್ ವೇಗದಲ್ಲಿ ಬರುವ ಬೈಕು ಸೆಕೆಂಡಿಗೆ ಸುಮಾರು 27 ಅಡಿ ದಾಟುತ್ತದೆ. ಸವಾರನಿಗೆ ಸಿಗುವುದು ಎರಡು ಸೆಕೆಂಡು ಚಿಲ್ಲರೆ. ಅದೇ ಜಾಗದಲ್ಲಿ ನಾಲ್ಕು ಸಾಲು ತುರುಕಿದರೆ ಅಕ್ಷರ ಮೂರಂಗುಲಕ್ಕಿಳಿಯುತ್ತದೆ, ಓದುವ ದೂರ ಮೂವತ್ತಡಿಗೆ, ಸಮಯ ಒಂದು ಸೆಕೆಂಡಿಗೆ. ನಾಲ್ಕು ಸಾಲನ್ನು ಒಂದು ಸೆಕೆಂಡಿನಲ್ಲಿ ಓದುವ ಸವಾರ ಬೈಕಿನ ಮೇಲೆ ಬಹಳ ಹೊತ್ತು ಉಳಿಯುವುದಿಲ್ಲ. ರಸ್ತೆಗೆ ಅಡ್ಡ ಕಟ್ಟುವುದಕ್ಕೆ ಎರಡು ಸಾಲು, ಪೆಂಡಾಲಿನ ಒಳಗೆ ಪ್ರಸಾದದ ಸಾಲಿನಲ್ಲಿ ನಿಂತವರ ಕಣ್ಣಿಗೆ ನಾಲ್ಕು ಸಾಲು ಎಂಬ ರೂಢಿಗೆ ಕಾರಣ ಇಷ್ಟೇ.

ಇನ್ನು ಅಗಲ. ಹತ್ತಡಿ ಎಂದರೆ 120 ಅಂಗುಲ. ಎಡಕ್ಕೆ ಗಣಪತಿಯ ಚಿತ್ರಕ್ಕೆ 30, ಅಂಚಿಗೆ 6 ಹೋದರೆ 84 ಉಳಿಯಿತು. ಆರಂಗುಲ ಮೈಯ ಕನ್ನಡ ಅಕ್ಷರ ಸರಾಸರಿ ಐದೂವರೆ ಅಂಗುಲ ಅಗಲ ಬೇಡುತ್ತದೆ. ಸಾಲಿಗೆ ಹೆಚ್ಚೆಂದರೆ ಹದಿನೈದು ಅಕ್ಷರದ ಜಾಗ. ಪದಗಳ ನಡುವಿನ ತೆರಪು ಕಳೆದರೆ ಹನ್ನೆರಡು, ಹದಿಮೂರು ಅಕ್ಷರ. ಕನ್ನಡದಲ್ಲಿ ಈ ಅಳತೆಗೆ ಹೊಲಿದಿಟ್ಟಂಥ ಸಾಲು ಮೊದಲೇ ಇದೆ. ನಾಲ್ಕು ಮಾತ್ರೆಯ ಗಣ ನಾಲ್ಕು ಸೇರಿ ಹದಿನಾರು ಮಾತ್ರೆಯಾಗುವ ಸಾಲು, ಹನ್ನೆರಡನೆಯ ಶತಮಾನದ ಹರಿಹರನ ಕೈಯಲ್ಲಿ ಬೆಳೆದ ರಗಳೆಗಳಲ್ಲಿ ಮಂದಾನಿಲ ಎಂದು ಹೆಸರಾದದ್ದು. ಎರಡೆರಡು ಸಾಲಿಗೆ ಪ್ರಾಸ ಕೂಡಿಸಿಕೊಂಡು ಹೋಗುವುದು ರಗಳೆಯ ನಡೆ. ಬ್ಯಾನರಿಗೆ ಬೇಕಾದದ್ದೂ ಅಂಥ ಒಂದು ಜೋಡಿ.

ಮಾತ್ರೆಯ ಎಣಿಕೆ ಕಷ್ಟದ್ದೇನಲ್ಲ. ಹ್ರಸ್ವಕ್ಕೆ ಒಂದು, ದೀರ್ಘಕ್ಕೆ ಎರಡು. ಸೊನ್ನೆ ಇರುವ ಅಕ್ಷರಕ್ಕೂ ಒತ್ತಕ್ಷರದ ಹಿಂದಿನ ಅಕ್ಷರಕ್ಕೂ ಎರಡು. ಸಾಲಿನ ಕೊನೆಯ ಅಕ್ಷರ ಹ್ರಸ್ವವಾದರೂ ಎಳೆದು ಎರಡೆಂದು ಎಣಿಸಬಹುದು. ಕಷ್ಟ ಶುರುವಾಗುವುದು ದೇವರ ಹೆಸರು ಕೂರಿಸುವಾಗ. ದಿನಬಳಕೆಯಲ್ಲಿ ಮೊದಲು ಬಾಯಿಗೆ ಬರುವ ‘ಗಣೇಶ’ ಪದ್ಯದಲ್ಲಿ ಅಷ್ಟು ಸುಲಭಕ್ಕೆ ಕೂರುವುದಿಲ್ಲ. ಮಾತ್ರೆ ಎಣಿಸಿದರೆ ನಾಲ್ಕೇ. ಆದರೆ ಗಿಡ್ಡ, ಉದ್ದ, ಗಿಡ್ಡ ಎಂಬ ಅದರ ಜೋಡಣೆ ಛಂದಸ್ಸಿನವರು ಜಗಣ ಎಂದು ಗುರುತಿಸಿ ದೂರವಿಡುವಂಥದು. ನಾಲ್ಕರ ನಡೆಯಲ್ಲಿ ಒತ್ತು ಬೀಳುವ ಮೊದಲ ಅಕ್ಷರ ಹಗುರವಾಗಿ, ಭಾರವೆಲ್ಲ ನಡುವಿಗೆ ಹೋಗಿ, ಸಾಲು ಎಡವುತ್ತದೆ. ‘ವಿನಾಯಕ’ಕ್ಕೂ ಅದೇ ರೋಗ. ‘ಗಣಪತಿ’, ‘ಗಜಮುಖ’ ನಾಲ್ಕು ಹಗುರ ಅಕ್ಷರಗಳು, ಎಲ್ಲಿ ಇಟ್ಟರೂ ನಿಲ್ಲುತ್ತವೆ. ‘ಗಣಪ’, ‘ಬೆನಕ’ ಮೂರರ ನಡೆಗೆ ಹೇಳಿ ಮಾಡಿಸಿದವು. ‘ಲಂಬೋದರ’, ‘ಏಕದಂತ’ ಎರಡೂ ಆರು ಮಾತ್ರೆ. ಮೊದಲನೆಯದು ನಾಲ್ಕರ ನಡೆಯಲ್ಲಿ ಮುಂದೆ ಎರಡು ಮಾತ್ರೆಯ ಜೊತೆ ಬೇಡುತ್ತದೆ, ಎರಡನೆಯದು ಮೂರು ಮೂರಾಗಿ ಚೆನ್ನಾಗಿ ಮುರಿಯುತ್ತದೆ. ಹಾಡುವಾಗ ‘ಗಣೇಶ’ನ ‘ಗ’ವನ್ನು ಎಳೆದು ಸರಿಮಾಡಿಕೊಳ್ಳಬಹುದು. ಬ್ಯಾನರಿಗೆ ಹಾಡುಗಾರರಿಲ್ಲ, ಓದುವವರು ತಮ್ಮ ಪಾಡಿಗೆ ಓದುತ್ತಾರೆ.

ಒಂದು ಉದಾಹರಣೆಯನ್ನು ಮೊದಲಿನಿಂದ ಕಟ್ಟಿ ನೋಡಬಹುದು. ಮೂಡಿಗೆರೆಯಂಥ ಊರಿನ ಏರು ಬೀದಿಯ ಪೆಂಡಾಲು. ಯಾರೋ ಆತುರದಲ್ಲಿ ಬರೆದುಕೊಟ್ಟದ್ದು ಹೀಗಿದೆ ಎನ್ನಿ:

ಸ್ವಾಗತ ಸುಸ್ವಾಗತ ಗಣೇಶನಿಗೆ
ನೀಡು ಬುದ್ಧಿ ಶಕ್ತಿ ಎಲ್ಲರಿಗೆ

ಓದಿದ ಕೂಡಲೇ ಏನೋ ಕುಂಟುತ್ತಿದೆ ಅನಿಸುತ್ತದೆ. ಮೇಲಿನ ಸಾಲು ಹದಿನಾರು ಮಾತ್ರೆಯೇ ಆದರೂ ನಾಲ್ಕು, ಆರು, ಆರು ಎಂದು ಒಡೆಯುತ್ತದೆ. ಕೆಳಗಿನದು ಮೂರು, ಮೂರು, ಮೂರು ಎಂದು ಹೊರಟು ಐದಕ್ಕೆ ಬಂದು ನಿಂತು ಹದಿನಾಲ್ಕಕ್ಕೇ ಮುಗಿಯುತ್ತದೆ. ಎರಡು ಸಾಲಿಗೆ ಎರಡು ನಡಿಗೆ. ಪ್ರಾಸವೂ ಹೆಸರಿಗಷ್ಟೆ: ‘ನಿಗೆ’, ‘ರಿಗೆ’ ಎಂಬಲ್ಲಿ ಹೊಂದಿಕೊಂಡದ್ದು ವಿಭಕ್ತಿ ಪ್ರತ್ಯಯ ಮಾತ್ರ. ಯಾವ ನಾಮಪದಕ್ಕೆ ‘ಗೆ’ ಹಚ್ಚಿದರೂ ಸಿಗುವ ಇಂಥ ಪ್ರಾಸ ಕಿವಿಗೆ ತಾಗುವುದಿಲ್ಲ. ಅರ್ಥದಲ್ಲೂ ತೊಡಕಿದೆ. ಮೊದಲ ಸಾಲು ಗಣೇಶನ ಬಗ್ಗೆ ಬೇರೆಯವರೊಡನೆ ಆಡಿದ ಮಾತು, ಎರಡನೆಯದು ಅವನನ್ನೇ ಎದುರು ನಿಲ್ಲಿಸಿ ಬೇಡಿದ್ದು. ಸಾಲದ್ದಕ್ಕೆ ‘ಸ್ವಾ’ ಎರಡು ಬಾರಿ ಬಂದು ಜಾಗ ತಿಂದಿದೆ.

ತಿದ್ದುವಾಗ ಮೊದಲು ಕೊನೆಯ ಪದಗಳನ್ನು ಹುಡುಕುವುದು ಅನುಭವಸ್ಥರ ಕ್ರಮ. ಪ್ರಾಸದ ಜೋಡಿ ಸಿಕ್ಕಮೇಲೆ ಸಾಲು ಹಿಂದಿನಿಂದ ಮುಂದಕ್ಕೆ ಬೆಳೆಯುತ್ತದೆ. ಬೀದಿ ಎದುರಿಗೇ ಇದೆ, ಅದಕ್ಕೆ ಹಾದಿ ಜೊತೆಯಾಗುತ್ತದೆ. ಇಲ್ಲಿ ‘ಗೆ’ ಪ್ರತ್ಯಯವೇ ಆದರೂ ‘ದಿ’ ಪದದ ಒಳಗಿನ ಅಕ್ಷರ, ಅದರ ಹಿಂದೆ ಎರಡೂ ಕಡೆ ದೀರ್ಘ. ಆದಿಪ್ರಾಸದಲ್ಲಿ ಹೀಗೆ ಹಿಂದೆ ದೀರ್ಘವಿರುವ ಬಗೆಗೆ ಹಳಬರು ಗಜಪ್ರಾಸವೆಂದು ಹೆಸರಿಟ್ಟಿದ್ದರು. ಸಾಲಿನ ಕೊನೆಯಲ್ಲೂ ಅದರ ಗತ್ತು ಕಡಿಮೆಯಾಗುವುದಿಲ್ಲ.

ಬಾರೋ ಗಣಪತಿ ಬೆಟ್ಟದ ಬೀದಿಗೆ
ಬೆಳಕನು ಚೆಲ್ಲುತ ಮಂಜಿನ ಹಾದಿಗೆ

ಎರಡೂ ಸಾಲು ನಾಲ್ಕು ನಾಲ್ಕರಲ್ಲಿ ನಡೆದು ಹದಿನಾರಕ್ಕೆ ಮುಟ್ಟುತ್ತವೆ. ಅಕ್ಷರ ಎಣಿಸಿದರೆ ಮೇಲೆ ಹನ್ನೆರಡು, ಕೆಳಗೆ ಹದಿಮೂರು. ಒತ್ತಕ್ಷರ ಸಾಲಿಗೆ ಒಂದೊಂದೇ. ‘ಬೆಟ್ಟದ’ ಎಂಬಲ್ಲಿ ಬರೆಯುವವರ ಕೈ ಸಹಜವಾಗಿ ‘ನಮ್ಮಯ’ ಎಂದು ಹೋಗುತ್ತದೆ. ಮಾತ್ರೆ ಸರಿಹೋಗುತ್ತದೆ, ನಿಜ. ಆದರೆ ‘ನಮ್ಮಯ’, ‘ಎಮ್ಮಯ’, ‘ತಾನು’ ಮೊದಲಾದವು ಜಾಗ ತುಂಬಲು ಕರೆತಂದ ಕೂಲಿಯಾಳುಗಳು. ಹದಿನಾರು ಮಾತ್ರೆಯ ಸಾಲಿನಲ್ಲಿ ನಾಲ್ಕು ಮಾತ್ರೆಯನ್ನು ಸುಮ್ಮನೆ ಕೊಟ್ಟರೆ ಕಾಲುಭಾಗ ಹೋಯಿತು. ‘ಬೆಟ್ಟದ’ ಎಂದದ್ದೇ ಪದ್ಯಕ್ಕೆ ಒಂದು ಊರು ಸಿಕ್ಕಿತು.

ಆದಿಪ್ರಾಸ, ಅಂತ್ಯಪ್ರಾಸ ಎರಡನ್ನೂ ಹಿಡಿದು ಬರೆಯುವವರೂ ಇದ್ದಾರೆ. ಅದರ ಮಾದರಿ ಹೀಗಿರುತ್ತದೆ:

ಕೊಡೆಯಡಿ ಕಾದಿದೆ ನಮ್ಮೂರೆಲ್ಲ
ಕಡುಬಲಿ ತುಂಬಿದೆ ಕಾಯೂ ಬೆಲ್ಲ

ಎರಡನೆಯ ಅಕ್ಷರ ಎರಡೂ ಸಾಲಿನಲ್ಲಿ ಡಕಾರ. ಪ್ರಾಸಕ್ಕೆ ವ್ಯಂಜನ ಒಂದಾದರೆ ಸಾಕು, ‘ಡೆ’ಗೆ ‘ಡು’ ಸಲ್ಲುತ್ತದೆ. ಹಿಂದಿನ ಅಕ್ಷರ ಎರಡೂ ಕಡೆ ಹ್ರಸ್ವವಾಗಿರಬೇಕು, ಆಗಿದೆ. ಇಲ್ಲಿ ದೇವರ ಹೆಸರೇ ಇಲ್ಲ. ಪಕ್ಕದಲ್ಲಿ ಅಷ್ಟು ದೊಡ್ಡ ಚಿತ್ರ ಇರುವಾಗ ಹೆಸರನ್ನು ಮತ್ತೆ ಬರೆಯಬೇಕೆಂದೇನೂ ಇಲ್ಲ ಎಂಬುದು ಎರಡು ಸಾಲಿನ ಜಿಪುಣತನದಲ್ಲಿ ದೊಡ್ಡ ಲಾಭ.

ಕೊಡೆ ಇಲ್ಲಿ ಅಲಂಕಾರಕ್ಕೆ ಬಂದದ್ದಲ್ಲ. ಭಾದ್ರಪದ ಶುದ್ಧ ಚೌತಿ ಬರುವುದು ಆಗಸ್ಟ್ ಕೊನೆ ಅಥವಾ ಸೆಪ್ಟೆಂಬರಿನಲ್ಲಿ. ಮಲೆನಾಡಿನಲ್ಲಿ ಆಗ ಮಳೆ ಇನ್ನೂ ಕಾಲು ತೆಗೆದಿರುವುದಿಲ್ಲ. ತೋಟದಲ್ಲಿ ಕಾಫಿ ಕಾಯಿ ಹಸಿರಾಗಿಯೇ ಇರುತ್ತದೆ, ಕೊಯ್ಲಿಗೆ ಇನ್ನೂ ತಿಂಗಳುಗಳಿವೆ. ಕೊಟ್ಟಿಗೆಹಾರದ ಕಡೆ ಮಂಜು ಇಳಿದರೆ ಮೇಲೆ ಹಾಕಿದ ಅರುವತ್ತಡಿಯ ಲೆಕ್ಕವೂ ಕೆಡುತ್ತದೆ. ಅಲ್ಲಿಗೆ ಬೇಕಾದದ್ದು ತಿಳಿ ನೆಲದ ಮೇಲೆ ಕಡುಬಣ್ಣದ ಅಕ್ಷರ, ಇಲ್ಲವೇ ಕಡು ನೆಲದ ಮೇಲೆ ಹಳದಿ. ಕೇಸರಿ ನೆಲದ ಮೇಲೆ ಕೆಂಪು ಅಕ್ಷರ ಅಂಗಡಿಯ ಪರದೆಯಲ್ಲಿ ಹಬ್ಬದಂತೆ ಕಂಡರೂ ಮಂಜಿನಲ್ಲಿ ಎರಡೂ ಒಂದೇ ಬೂದು. ಗಾಳಿಗೆ ಹರಿಯದಿರಲೆಂದು ಫ್ಲೆಕ್ಸಿಗೆ ಅಲ್ಲಲ್ಲಿ ಸೀಳು ಕೊಡುವುದುಂಟು. ಸಾಲುಗಳ ನಡುವೆ ತೆರಪಿಲ್ಲದಿದ್ದರೆ ಕತ್ತಿ ಅಕ್ಷರದ ಮೇಲೇ ಹಾಯುತ್ತದೆ.

ಕಾಫಿ ಸೀಮೆಯ ಪೆಂಡಾಲು ಪದ್ಯದಲ್ಲಿ ಬಯಲುಸೀಮೆಗಿಲ್ಲದ ಇನ್ನೊಂದು ಸೂಕ್ಷ್ಮವಿದೆ. ಗಣಪತಿಯ ಆನೆಮೊಗವನ್ನು ಹಿಡಿದು ಬರೆಯುವುದು ಎಲ್ಲ ಕಡೆಯ ಸುಲಭದ ದಾರಿ. ಹೀಗೆ ಬರೆದರು ಎನ್ನಿ:

ಆನೆಮೊಗದ ನಮ್ಮ ದೊರೆಯೆ ತೋಟಕಿಳಿದು ಬಾ

ಮೂರರ ನಡೆ ಸೊಗಸಾಗಿದೆ, ಬೆಂಗಳೂರಿನಲ್ಲಿ ಯಾರೂ ತಕರಾರು ಮಾಡುವುದಿಲ್ಲ. ಮೂಡಿಗೆರೆ ಸುತ್ತ ‘ತೋಟಕ್ಕೆ ಆನೆ ಬಂತು’ ಎಂಬ ಮಾತಿಗೆ ಬೇರೆಯೇ ಅರ್ಥ. 2022ರ ನವೆಂಬರಿನಲ್ಲಿ ಇದೇ ತಾಲ್ಲೂಕಿನ ಕುಂದೂರು ಭಾಗದಲ್ಲಿ ಕಾಡಾನೆ ದಾಳಿಗೆ ಮಹಿಳೆಯೊಬ್ಬರು ಬಲಿಯಾಗಿ ಜನ ಸಿಡಿದೆದ್ದಿದ್ದರು; ಭೈರ ಎಂದು ಜನ ಕರೆಯುತ್ತಿದ್ದ ಸಲಗವನ್ನು ಆ ವರ್ಷ ಡಿಸೆಂಬರಿನಲ್ಲಿ ಅರಣ್ಯ ಇಲಾಖೆ ಸೆರೆಹಿಡಿಯಿತು. ಕೂಲಿಯಾಳುಗಳು ಬೆಳಗ್ಗೆ ತೋಟಕ್ಕೆ ಇಳಿಯುವ ಮುನ್ನ ಆನೆ ಎಲ್ಲಿದೆ ಎಂದು ವಿಚಾರಿಸುವ ಊರಿನಲ್ಲಿ ದೇವರನ್ನು ಆನೆಯಾಗಿ ತೋಟಕ್ಕೆ ಕರೆಯುವುದು ಕೆಲವರಿಗೆ ನಗು, ಕೆಲವರಿಗೆ ಹೊಟ್ಟೆಯಲ್ಲಿ ತಳಮಳ. ಇಲ್ಲಿ ಬರೆಯುವವರು ಮೊಗಕ್ಕಿಂತ ಹೊಟ್ಟೆ, ಕಡುಬು, ಇಲಿ, ಗರಿಕೆಗಳನ್ನು ನೆಚ್ಚುವುದೇ ಲೇಸು. ಅಥವಾ ಅವನ ತಾಯಿಯನ್ನು ನೆನೆಯಬಹುದು: ಹಿಂದಿನ ದಿನ ತದಿಗೆಯಂದು ಗೌರಿ ತವರಿಗೆ ಬಂದಿರುತ್ತಾಳೆ, ಮರುದಿನ ಮಗ ಕರೆಯಲು ಬರುತ್ತಾನೆ. ಕರ್ನಾಟಕದ ಮನೆಮನೆಯ ಈ ಕಥೆ ಬ್ಯಾನರುಗಳಲ್ಲಿ ಬಳಕೆಯಾಗುವುದು ಕಡಿಮೆ. ಆನೆಯನ್ನೇ ತರಬೇಕೆಂಬ ಹಟವಿದ್ದರೆ, ತೋಟದ ಆನೆಗೆ ಬುದ್ಧಿ ಹೇಳು ಎಂದು ಆನೆಮೊಗದವನನ್ನು ಕೇಳುವ ಪದ್ಯ ಈ ಸೀಮೆಗೆ ಮಾತ್ರ ಒಪ್ಪುವಂಥದು; ಅದನ್ನು ಯಾರಾದರೂ ಚೆನ್ನಾಗಿ ಬರೆಯಬೇಕು.

ಮೂರರ ನಡೆ ಡೋಲಿನದು, ಮೆರವಣಿಗೆಗೆ ಒಪ್ಪುತ್ತದೆ. ಅದರ ಒಂದು ಮಾದರಿ:

ಬೆಟ್ಟ ಇಳಿದು ಬಂದ ಬೆನಕ
ಡೋಲು ನಿಲದು ಬೆಳಗುತನಕ

ಹನ್ನೆರಡು ಮಾತ್ರೆ, ಗಟ್ಟಿ ಪ್ರಾಸ, ಕೂಗಲು ಚೆಂದ. ತೊಂದರೆ ಒಂದೇ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ ಧ್ವನಿವರ್ಧಕಕ್ಕೂ ಬಯಲಿನಲ್ಲಿ ಗದ್ದಲದ ವಾದ್ಯಗಳಿಗೂ ನಿರ್ಬಂಧವಿದೆ. ಪೊಲೀಸ್ ಅನುಮತಿ ಪಡೆದ ಪೆಂಡಾಲಿನ ನೆತ್ತಿಯ ಮೇಲೆ ಇದನ್ನು ಕಟ್ಟಿದರೆ ಸಮಿತಿಯೇ ಬರೆದುಕೊಟ್ಟ ತಪ್ಪೊಪ್ಪಿಗೆಯಾದೀತು. ‘ಡೋಲು ನಿಲದು’ ಎಂಬಲ್ಲಿ ‘ದೀಪವುಂಟು’ ಎಂದರೆ ಮಾತ್ರೆ ಅಷ್ಟೇ, ಠಾಣೆಗೂ ತಕರಾರಿಲ್ಲ, ‘ಉಂಟು’ ಎಂಬುದು ಘಟ್ಟದ ಆಚೀಚೆಯವರ ಬಾಯಿಮಾತೂ ಹೌದು.

ಬರೆದ ಪದ್ಯ ಬ್ಯಾನರಿಗೆ ಇಳಿಯುವಾಗ ಕೆಡುವುದು ಹೆಚ್ಚಾಗಿ ಅಕ್ಷರದಲ್ಲಿ. ಕುಂಚದಿಂದ ಬರೆಯುವ ಕಾಲದಲ್ಲಿ ಬೋರ್ಡಿನವರು ಬಟ್ಟೆ ಎಳೆದು ಕಟ್ಟಿ, ಸೀಮೆಸುಣ್ಣದಲ್ಲಿ ಗೆರೆ ಹಾಕಿ, ಅಕ್ಷರ ಎಣಿಸಿಕೊಂಡು ನಡುವಿನಿಂದ ಎರಡೂ ಕಡೆಗೆ ಜಾಗ ಹಂಚುತ್ತಿದ್ದರು. ತಪ್ಪಿದ್ದರೆ ಅದು ಅವರ ಕಾಗುಣಿತದ್ದು. ಫ್ಲೆಕ್ಸ್ ಬಂದಮೇಲೆ ಹೊಸ ಬಗೆಯ ತಪ್ಪುಗಳು ಹುಟ್ಟಿದವು. ಹಳೆಯ ನುಡಿ ಅಕ್ಷರಶೈಲಿಯಲ್ಲಿ ಟೈಪಿಸಿದ ‘ಶ್ರೀ ಗಣಪತಿ’ಯನ್ನು ಆ ಶೈಲಿ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಪರದೆಯ ಮೇಲೆ ಕಾಣುವುದು ²æÃ UÀt¥Àw. ಇದು ಯಾರ ಕಣ್ಣಿಗೂ ಬೀಳುವುದರಿಂದ ಅಪಾಯ ಕಡಿಮೆ. ಮೊಬೈಲಿನಿಂದ ಕಳಿಸಿದ ಯೂನಿಕೋಡ್ ಪಠ್ಯವನ್ನು ಕನ್ನಡ ಜೋಡಣೆ ಅರಿಯದ ಹಳೆಯ ವಿನ್ಯಾಸ ತಂತ್ರಾಂಶಕ್ಕೆ ಅಂಟಿಸಿದಾಗ ಆಗುವುದು ಇದಕ್ಕಿಂತ ಕಪಟದ ತಪ್ಪು: ಒತ್ತು ಕಳಚಿ ‘ಸ್ವಾಗತ’ ಎಂಬುದು ‘ಸ್‌ವಾಗತ’ ಆಗಿ ನಿಲ್ಲುತ್ತದೆ, ಅವಸರದಲ್ಲಿದ್ದವರಿಗೆ ಸರಿಯಾಗಿಯೇ ಕಾಣುತ್ತದೆ. ಒತ್ತಕ್ಷರ ಕಡಿಮೆ ಇರುವ ಪದ್ಯ ಈ ಕಾರಣಕ್ಕೂ ಕ್ಷೇಮ. ಪದ್ಯದ ಕೆಳಗಿನ ಗದ್ಯದ ಸಾಲಿನಲ್ಲಿ ‘ಹಾರ್ದಿಕ’ಕ್ಕೆ ‘ಹಾರ್ಧಿಕ’, ‘ಶುಭಾಶಯ’ಕ್ಕೆ ‘ಶುಭಾಷಯ’ ಬರುವುದು ಯಂತ್ರದ ತಪ್ಪಲ್ಲ. ಬ್ಯಾನರಿನಿಂದ ಬ್ಯಾನರಿಗೆ ನಕಲಾಗಿ ಬಂದ ಪಿತ್ರಾರ್ಜಿತ. ಅಚ್ಚಿಗೆ ಹಾಕುವ ಮುನ್ನ ಕಾಗದದ ಮೇಲೆ ತೆಗೆದು, ಪದ್ಯ ಬರೆಯದ ಇನ್ನೊಬ್ಬರ ಕೈಲಿ ಜೋರಾಗಿ ಓದಿಸಿದರೆ ಮುಕ್ಕಾಲು ತಪ್ಪು ಅಲ್ಲೇ ಸಿಗುತ್ತದೆ. ಓದುವವರು ಎಲ್ಲಿ ತಡವರಿಸುತ್ತಾರೋ ಅಲ್ಲಿ ಅಕ್ಷರವೋ ಮಾತ್ರೆಯೋ ಕೆಟ್ಟಿದೆ ಎಂದೇ ಅರ್ಥ.

ಸಂಬೋಧನೆಯ ಗೊಂದಲವೂ ಸಾಮಾನ್ಯ. ಕನ್ನಡದಲ್ಲಿ ದೇವರಿಗೆ ಏಕವಚನ, ಹಬ್ಬಕ್ಕೆ ಬರುವ ಗಣ್ಯರಿಗೆ ಬಹುವಚನ. ಎರಡು ಸ್ವಾಗತವನ್ನೂ ಒಂದೇ ಬ್ಯಾನರಿನಲ್ಲಿ ಮುಗಿಸಲು ಹೊರಟವರು ‘ಬಾರೋ’ ಎಂದದ್ದು ಗಣಪತಿಗೋ ಪಕ್ಕದ ಭಾವಚಿತ್ರದಲ್ಲಿ ಕೈಮುಗಿದವರಿಗೋ ಎಂಬ ಅನುಮಾನಕ್ಕೆ ಎಡೆಮಾಡಿಕೊಡುತ್ತಾರೆ. ಭಾವಚಿತ್ರಗಳ ಸಾಲು ಬೆಳೆದಷ್ಟೂ ಪದ್ಯ ಕುಗ್ಗುತ್ತದೆ. ಮೇಲಿನ 84 ಅಂಗುಲದಲ್ಲಿ ತಲಾ ಹನ್ನೆರಡು ಅಂಗುಲದ ಮೂರು ಮುಖಗಳು ಬಂದರೆ ಉಳಿಯುವುದು 48, ಎಂದರೆ ಎಂಟು ಅಕ್ಷರ. ಅಷ್ಟರಲ್ಲಿ ಪದ್ಯ ಹುಟ್ಟುವುದಿಲ್ಲ, ಘೋಷಣೆಯಷ್ಟೇ ಹುಟ್ಟುತ್ತದೆ.

ರಾಜ್ಯ ಸರ್ಕಾರ 2016ರ ಮಾರ್ಚಿನಲ್ಲಿ ಪ್ಲಾಸ್ಟಿಕ್ ಚೀಲಗಳ ಜೊತೆಗೆ ಪ್ಲಾಸ್ಟಿಕ್ ಬ್ಯಾನರು, ಬಂಟಿಂಗ್, ಫ್ಲೆಕ್ಸ್‌ಗಳನ್ನೂ ನಿಷೇಧಿಸಿತು. ನಿಷೇಧ ಎಲ್ಲ ಕಡೆ ಒಂದೇ ಬಿಗಿಯಲ್ಲಿ ನಡೆದಿಲ್ಲವಾದರೂ ಬಟ್ಟೆಯ ಬ್ಯಾನರಿಗೆ ಮತ್ತೆ ಕಾರಣ ಸಿಕ್ಕಿತು. ಬಟ್ಟೆಗೆ ಮಳೆಯದೇ ಭಯ: ನೀರಿನ ಬಣ್ಣ ಒಂದೇ ಜಡಿಮಳೆಗೆ ಇಳಿದು ಹೋಗುತ್ತದೆ, ಎಣ್ಣೆ ಬಣ್ಣವನ್ನು ಮಳೆಗಾಲದಲ್ಲಿ ಒಣಗಿಸುವುದಕ್ಕೆ ದಿನಗಳು ಬೇಕು. ಆದರೂ ಬಟ್ಟೆಯನ್ನು ಒಣಗಿಸಿ ಮಡಚಿಟ್ಟು ಮರುವರ್ಷವೂ ಕಟ್ಟಬಹುದು. ಹಾಗೆ ಉಳಿಸಿಕೊಳ್ಳಬೇಕೆಂದಿರುವ ಸಮಿತಿ ಎಷ್ಟನೆಯ ವರ್ಷ ಎಂಬುದನ್ನೂ ಆಯಾ ವರ್ಷದ ಅಧ್ಯಕ್ಷರ ಹೆಸರನ್ನೂ ಬೇರೆ ತುಂಡಿನ ಮೇಲೆ ಬರೆಸಿ ಕೆಳಗೆ ಹೊಲಿಸುವುದು ಜಾಣತನ; ಪದ್ಯದ ಸಾಲಿನೊಳಗೆ ವರ್ಷವನ್ನೋ ಹೆಸರನ್ನೋ ಪ್ರಾಸಕ್ಕೆಂದು ಕಟ್ಟಿಹಾಕಿದ್ದರೆ ಇಡೀ ಬಟ್ಟೆಯನ್ನೇ ಹೊಸದಾಗಿ ಬರೆಸಬೇಕಾಗುತ್ತದೆ.